ಮಾತಿನ ಕೆಳಗೆ ಸಂಗೀತ: 20 ಡೆಸಿಬಲ್ ಅಂತರ ಬಿಡಿ

ಹಿನ್ನೆಲೆ ಸಂಗೀತ ಎಷ್ಟು ಜೋರಿರಬೇಕು ಅನ್ನೋದನ್ನ ಬರೀ ಕಿವಿಗೆ ಬಿಡಬೇಡಿ, ಅದರಲ್ಲೂ ಮಾತಾಡಿದವರು ನೀವೇ ಆಗಿದ್ದರೆ. ಸ್ಕ್ರಿಪ್ಟ್ ಬಾಯಿಪಾಠ ಆದವರಿಗೆ ಎಷ್ಟು ಗದ್ದಲದಲ್ಲೂ ಪ್ರತಿ ಪದ ಕೇಳಿಸುತ್ತೆ. ಮೊದಲ ಸಲ ಕೇಳುವವರಿಗೆ ಪದದ ಬಾಲ ಮುಳುಗಿಹೋಗುತ್ತೆ. ಕನ್ನಡದಲ್ಲಂತೂ ‘ಮಾಡ್ತಾರೆ’ ಮತ್ತು ‘ಮಾಡಲ್ಲ’ ನಡುವಿನ ವ್ಯತ್ಯಾಸ ಇರೋದೇ ಆ ಬಾಲದಲ್ಲಿ.

ವೆಬ್ ಸುಗಮ್ಯತೆಯ ಮಾರ್ಗಸೂಚಿ WCAG ಹಿನ್ನೆಲೆ ಶಬ್ದ ಮಾತಿಗಿಂತ ಕನಿಷ್ಠ 20 ಡೆಸಿಬಲ್ ಕೆಳಗಿರಲಿ ಅನ್ನುತ್ತೆ. ಸಿನಿಮಾ ಥರ ಭರ್ಜರಿಯಾಗಿ ಕೇಳಿಸಲ್ಲ, ನಿಜ. ಆದರೆ ಮಾಹಿತಿ ಹೇಳುವ ವಿಡಿಯೋಗೆ ಇದೇ ಸರಿ.

ಆಡಿಯೋ ಎಡಿಟ್ ಮಾಡುವ ಸಾಫ್ಟ್‌ವೇರ್ Audacityಯಲ್ಲಿ ಹೀಗೆ ಮಾಡಿ. Loudness Normalization ಬಳಸಿ ಧ್ವನಿಯನ್ನು -16 LUFSಗೆ, ಸಂಗೀತವನ್ನು -24ಕ್ಕೆ ತನ್ನಿ. LUFS ಅಂದರೆ ಕಿವಿಗೆ ಎಷ್ಟು ಜೋರಾಗಿ ಕೇಳಿಸುತ್ತೆ ಅನ್ನೋದರ ಅಳತೆ. ಧ್ವನಿ ಮೊನೊ ಆಗಿದ್ದರೆ ಅಲ್ಲೇ ಇರುವ ಡ್ಯುಯಲ್ ಮೊನೊ ಆಯ್ಕೆಗೆ ಟಿಕ್ ಹಾಕಿ, ಇಲ್ಲದಿದ್ದರೆ ಲೆಕ್ಕ ತಪ್ಪುತ್ತೆ. ಆಮೇಲೆ ಸಂಗೀತದ ಟ್ರ್ಯಾಕ್ ಮೇಲೆ, ಧ್ವನಿಯದು ಅದರ ಕೆಳಗೆ ಇರುವಂತೆ ಜೋಡಿಸಿ, ಸಂಗೀತವನ್ನಷ್ಟೇ ಆಯ್ದು, ಮಾತು ಬಂದಾಗ ಸಂಗೀತವನ್ನು ತಾನೇ ತಗ್ಗಿಸುವ Auto Duck ಕೊಡಿ: ಇಳಿಕೆ -12 ಡೆಸಿಬಲ್. ಮಾತಿನ ಕೆಳಗೆ ಸಂಗೀತ ಹೆಚ್ಚುಕಮ್ಮಿ -36ಕ್ಕೆ ಬಂತು, 20ರ ಅಂತರ ಸಿಕ್ಕಿತು. ಮಾತಿಲ್ಲದ ಆರಂಭದಲ್ಲಿ ಅದು -24ರಲ್ಲೇ ಇರುವುದರಿಂದ ಸಪ್ಪೆ ಅನ್ನಿಸಲ್ಲ.

ಕೆಡೋದು ಸಾಮಾನ್ಯವಾಗಿ Auto Duckನ Maximum pauseನಲ್ಲಿ. ಅದು 1 ಸೆಕೆಂಡಿನಲ್ಲೇ ಇದ್ದರೆ ವಾಕ್ಯದ ಕೊನೆಗೆ ಸ್ವಲ್ಪ ಹೆಚ್ಚು ನಿಲ್ಲಿಸಿದಾಗಲೆಲ್ಲ ಸಂಗೀತ ಎದ್ದು ಮತ್ತೆ ಕೂರುತ್ತೆ. 2-3 ಸೆಕೆಂಡ್ ಇಡಿ. ಮಾತಿನ ಮಧ್ಯದಲ್ಲೇ ಸಂಗೀತ ಮೇಲೆದ್ದರೆ ನಿಮ್ಮ ಮೆಲುದನಿ, ಮಾತು ಅಂತ ಗುರುತಿಸುವ ಮಿತಿಯಾದ Thresholdಗಿಂತ ಕೆಳಗಿದೆ ಎಂದರ್ಥ. ಅದನ್ನು -30ರಿಂದ -35ಕ್ಕೆ ಇಳಿಸಿ. ಸಂಗೀತ ಮೇಲೆ ಬರೋದೇ ಇಲ್ಲ ಅಂದರೆ ಕೋಣೆಯ ಫ್ಯಾನ್ ಸದ್ದನ್ನೂ Auto Duck ಮಾತು ಅಂದುಕೊಂಡಿದೆ.

ಇನ್ನೊಂದು: LUFS ಇಡೀ ಟ್ರ್ಯಾಕಿನ ಸರಾಸರಿ. ಮೆಲ್ಲಗೆ ಶುರುವಾಗಿ ನಡುವೆ ಡ್ರಮ್ ಸಿಡಿಯುವ ಟ್ರ್ಯಾಕಿನಲ್ಲಿ ಸರಾಸರಿ ಸರಿಯಿದ್ದೂ ಆ ಡ್ರಮ್ ಮಾತನ್ನು ನುಂಗುತ್ತೆ. ಏರಿಳಿತ ಕಡಿಮೆ ಇರುವ, ಹಾಡುಗಾರಿಕೆ ಇಲ್ಲದ ಟ್ರ್ಯಾಕೇ ಆರಿಸಿ.

ಆರಿಸುವಾಗಲೇ ಲೈಸೆನ್ಸ್ ಓದಿ. ಉಚಿತ ಬಳಕೆಗೆ ಬಿಡುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಂದ ಮಾತ್ರಕ್ಕೆ ಎಲ್ಲವೂ ವಿಡಿಯೋಗೆ ಆಗಲ್ಲ. ಚಲಿಸುವ ಚಿತ್ರಕ್ಕೆ ಸಂಗೀತವನ್ನು ಹೊಂದಿಸಿದರೆ ಆ ಲೈಸೆನ್ಸ್‌ಗಳ ಪ್ರಕಾರವೇ ಅದು ರೂಪಾಂತರ. ಹಾಗಾಗಿ ರೂಪಾಂತರ ಹಂಚಲು ಬಿಡದ ND ಷರತ್ತು ಇರುವ ಟ್ರ್ಯಾಕ್ ವಿಡಿಯೋಗೆ ಬೇಡವೇ ಬೇಡ. SA ಇದ್ದರೆ ನಿಮ್ಮ ವಿಡಿಯೋವನ್ನೂ ಅದೇ ಷರತ್ತಿನಲ್ಲಿ ಬಿಡಬೇಕಾಗುತ್ತೆ. ಜಾಹೀರಾತಿನಿಂದ ದುಡ್ಡು ಬರುವ ಚಾನೆಲ್ ಆದರೆ ವಾಣಿಜ್ಯ ಬಳಕೆಗೆ ಬಿಡದ NC ಮುಟ್ಟದಿರೋದೇ ಕ್ಷೇಮ. ಉಳಿಯೋದು ಯಾವ ಷರತ್ತೂ ಇಲ್ಲದ CC0 ಮತ್ತು ರಚಿಸಿದವರ ಹೆಸರು ಹೇಳಬೇಕೆನ್ನುವ CC BY. BYಗೆ ವಿವರಣೆಯಲ್ಲಿ ಇಷ್ಟು ಬರೆಯಿರಿ: ಟ್ರ್ಯಾಕಿನ ಹೆಸರು, ರಚಿಸಿದವರು, ಮೂಲದ ಲಿಂಕ್, ಲೈಸೆನ್ಸಿನ ಹೆಸರು ಮತ್ತು ಲಿಂಕ್, ಕತ್ತರಿಸಿದ್ದರೆ ಆ ಮಾತು.

ಡೌನ್‌ಲೋಡ್ ಮಾಡಿದ ದಿನವೇ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟನ್ನು ಆಡಿಯೋ ಫೈಲಿನ ಪಕ್ಕದಲ್ಲೇ ಸೇವ್ ಮಾಡಿಡಿ. ಮುಂದೆ ಯಾರಾದರೂ ಹಕ್ಕು ಕೇಳಿ ಬಂದರೆ ತೋರಿಸೋಕೆ ಬೇಕಾಗೋದು ಅದೇ.