ಬಿಸಿಲೂರಿನಲ್ಲಿ ಚಳಿಯ ಭಯವೂ ಇರಬೇಕು

ಲಸಿಕೆ ಯಾವುದರಿಂದ ಕೆಡುತ್ತದೆ ಎಂದು ಕಲಬುರಗಿಯಲ್ಲಿ ಯಾರನ್ನೇ ಕೇಳಿ, ಬಿಸಿಲಿಗೆ ಅನ್ನುತ್ತಾರೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಊರಿನವರು ಬೇರೇನು ಹೇಳಿಯಾರು? ನಾನೂ ಅಲ್ಲಿಯವನೇ. ಹೈದರಾಬಾದಿಗೆ ಬಂದು ಔಷಧ ಗೋದಾಮುಗಳ ಶೀತಕೋಣೆ ಪರೀಕ್ಷಿಸುವ ಕೆಲಸಕ್ಕೆ ಸೇರಿದ ಮೇಲೆ ನನಗೆ ಬಿಸಿಗಿಂತ ಚಳಿಯದೇ ಹೆಚ್ಚು ಚಿಂತೆ. ಶೇಖರಣೆ ಹೇಗಿರಬೇಕು ಅನ್ನುವುದರಲ್ಲಿ ಎರಡೂ ಊರುಗಳಿಂದ ಕಲಿಯುವುದಿದೆ ಎಂಬುದು ನನ್ನ ಅನಿಸಿಕೆ.

ಪೋಲಿಯೊ ಹನಿ ಹೆಪ್ಪುಗಟ್ಟಿದರೆ ತೊಂದರೆಯಿಲ್ಲ, ಮೇಲಿನ ಹಂತದ ಉಗ್ರಾಣಗಳಲ್ಲಿ ಅದನ್ನು ಡೀಪ್ ಫ್ರೀಜರಿನಲ್ಲೇ ಇಡುತ್ತಾರೆ. ಆದರೆ ಪೆಂಟಾವೇಲೆಂಟ್, ಹೆಪಟೈಟಿಸ್-ಬಿ, ಟಿಡಿ ಲಸಿಕೆಗಳ ಕಥೆ ಬೇರೆ. ಅವುಗಳಲ್ಲಿ ಔಷಧದ ಅಂಶ ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳಿಗೆ ಅಂಟಿಕೊಂಡಿರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಆ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ. ಕರಗಿಸಿದರೂ ಮೊದಲಿನಂತಾಗುವುದಿಲ್ಲ, ಲಸಿಕೆಯ ಶಕ್ತಿಯೂ ಮರಳಿ ಬರುವುದಿಲ್ಲ. ಸೀಸೆಯ ಮೇಲಿರುವ ವಿವಿಎಂ ಗುರುತು ಇದನ್ನು ಹೇಳುವುದಿಲ್ಲ. ಅದರೊಳಗಿನ ಚೌಕ ಕಪ್ಪಾಗುವುದು ಶಾಖಕ್ಕೆ ಮಾತ್ರ. ಚೌಕ ಬೆಳ್ಳಗೇ ಇದೆ, ಲಸಿಕೆ ಸತ್ತಿದೆ, ಹೀಗೂ ಆಗಬಹುದು.

ಇನ್ನು ಶೀತಕೋಣೆಯ ವಿಷಯ. ಬಾಗಿಲ ಪಕ್ಕದ ಡಿಸ್‌ಪ್ಲೇ 5 ಡಿಗ್ರಿ ತೋರಿಸುತ್ತಿದ್ದರೆ ಕೋಣೆಯೆಲ್ಲ 5 ಡಿಗ್ರಿಯೇ ಎಂದು ಜನ ನಂಬುತ್ತಾರೆ. ಆ ಅಂಕಿ ಸಾಮಾನ್ಯವಾಗಿ ಕೋಣೆ ಸುತ್ತಿ ಯಂತ್ರಕ್ಕೆ ಮರಳುವ ಗಾಳಿಯದು. ಯಂತ್ರದಿಂದ ಹೊರಬರುವ ಗಾಳಿ ಅದಕ್ಕಿಂತ ಬಹಳ ತಣ್ಣಗಿರುತ್ತದೆ. ಆದ್ದರಿಂದ ನಾವು ಮ್ಯಾಪಿಂಗ್, ಅಂದರೆ ಕೋಣೆಯ ಯಾವ ಜಾಗದಲ್ಲಿ ಎಷ್ಟು ತಾಪ ಎಂಬ ನಕ್ಷೆ ಮಾಡುತ್ತೇವೆ. ಸಣ್ಣ ಕೋಣೆಯಾದರೆ ಎಂಟು ಮೂಲೆಗೆ ಎಂಟು, ನಡುವೆ ಒಂದು, ಒಟ್ಟು ಒಂಬತ್ತು ಲಾಗರ್ ಇಡುತ್ತೇವೆ. ಫ್ಯಾನಿನ ಎದುರಿಗೆ, ಬಾಗಿಲ ಹತ್ತಿರ, ಡಿಸ್‌ಪ್ಲೇಯ ಸೆನ್ಸರಿನ ಪಕ್ಕದಲ್ಲಿ ಇನ್ನಷ್ಟು ಸೇರಿಸುತ್ತೇವೆ. ಕೆಲವು ನಿಮಿಷಕ್ಕೊಮ್ಮೆ ಅವು ತಾಪ ಬರೆದಿಡುತ್ತವೆ. ಮೊದಲು ಖಾಲಿ ಕೋಣೆಯಲ್ಲಿ, ಆಮೇಲೆ ಪೆಟ್ಟಿಗೆ ತುಂಬಿಸಿ. ಬಾಗಿಲು ತೆರೆದಿಟ್ಟು ಒಮ್ಮೆ, ಕರೆಂಟ್ ತೆಗೆದು ಒಮ್ಮೆ. ಬೇಸಿಗೆಯಲ್ಲಿ ಮಾಡಿದ್ದನ್ನು ಚಳಿಗಾಲದಲ್ಲಿ ಮತ್ತೆ ಮಾಡಬೇಕು.

ಒಂದು ಕೋಣೆಯ ಗ್ರಾಫ್ ನನಗೆ ಕಣ್ಣಿಗೆ ಕಟ್ಟಿದಂತಿದೆ. ಡಿಸ್‌ಪ್ಲೇ 4ರಿಂದ 6ರ ನಡುವೆ ನೆಟ್ಟಗಿತ್ತು. ಬಾಗಿಲ ಮೇಲ್ಮೂಲೆಯ ಲಾಗರ್ ಮಧ್ಯಾಹ್ನ ಮೇಲಿನ ಮಿತಿಯಾದ 8ರ ಗೆರೆಗೆ ತಾಗುತ್ತಿತ್ತು. ಫ್ಯಾನಿನ ಎದುರು ಮೇಲಿನ ಹಲಗೆಯಲ್ಲಿದ್ದದ್ದು ಅದೇ ಮಧ್ಯಾಹ್ನ ಸೊನ್ನೆಯ ಕೆಳಗೆ ಇಳಿಯುತ್ತಿತ್ತು. ಒಂದೇ ಹೊತ್ತಿನಲ್ಲಿ ಒಂದು ತುದಿ ಬಿಸಿ, ಇನ್ನೊಂದು ತುದಿ ಮಂಜು. ಕಾರಣ ಸರಳ. ಹೊರಗಿನ ಬಿಸಿಲು ಏರಿದಷ್ಟೂ, ಬಾಗಿಲು ತೆರೆದಷ್ಟೂ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಅದು ಓಡುವಷ್ಟು ಹೊತ್ತೂ ಅತಿ ತಣ್ಣನೆಯ ಗಾಳಿ ಎದುರಿನ ಪೆಟ್ಟಿಗೆಗೆ ಬಡಿಯುತ್ತಲೇ ಇರುತ್ತದೆ. ನಮ್ಮೂರಿನಂಥ ಕಡೆ ಫ್ಯಾನಿನ ಎದುರಿನ ಲಸಿಕೆಗೆ ಅತಿ ಅಪಾಯದ ತಿಂಗಳು ಡಿಸೆಂಬರ್ ಅಲ್ಲ, ಮೇ ಆಗಿರಬಹುದು. ಆ ಕೋಣೆಯಲ್ಲಿ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಆ ಹಲಗೆಯನ್ನು ಖಾಲಿ ಬಿಡಿಸಿ ಕೆಂಪು ಪಟ್ಟಿ ಹಚ್ಚಿದರು, ಗಾಳಿ ಚಾವಣಿಯ ಕಡೆ ತಿರುಗಲು ತಗಡಿನ ಅಡ್ಡ ಹಾಕಿದರು, ಎಚ್ಚರಿಕೆ ಗಂಟೆಯ ಸೆನ್ಸರುಗಳನ್ನು ಅತಿ ಬಿಸಿಯ ಮತ್ತು ಅತಿ ತಂಪಿನ ಜಾಗಗಳಿಗೆ ಸರಿಸಿದರು. ರ‍್ಯಾಕ್ ಜಾಗ ಬದಲಾದರೆ, ಯಂತ್ರ ಬದಲಾದರೆ ಈ ನಕ್ಷೆ ಹಳತಾಯಿತು, ಹೊಸದಾಗಿ ಮಾಡಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಫ್ರಿಜ್ ಆದ ಐಎಲ್‌ಆರ್‌ನಲ್ಲೂ ಇದೇ ಲೆಕ್ಕ. ಅದರ ತಳ ಮತ್ತು ಗೋಡೆ ಅತಿ ತಂಪು. ಪೆಂಟಾವೇಲೆಂಟ್ ಸೀಸೆ ಬುಟ್ಟಿಯಲ್ಲಿ ಮೇಲಿರಬೇಕು, ತಳಕ್ಕೆ ತಾಗಬಾರದು. ಈಗ ಲಸಿಕೆಯ ದಾಸ್ತಾನು, ತಾಪದ ಮೇಲೆ ಕಣ್ಣಿಡುವ ಸರಕಾರದ ಇವಿನ್ ವ್ಯವಸ್ಥೆಯ ಸೆನ್ಸರ್ ತಾಪ ಕಳಿಸುತ್ತದೆ, ಗೆರೆ ದಾಟಿದರೆ ಮೊಬೈಲಿಗೆ ಸಂದೇಶ ಬರುತ್ತದೆ. ಇದು ಒಳ್ಳೆಯ ವ್ಯವಸ್ಥೆ. ಆದರೆ ಸೆನ್ಸರಿನ ತುದಿ ಎಲ್ಲಿದೆಯೋ ಅಲ್ಲಿಯ ಸುದ್ದಿಯಷ್ಟೇ ಬರುವುದು. ತುದಿ ಮುಚ್ಚಳದ ಹತ್ತಿರ ತೂಗಾಡುತ್ತಿದ್ದರೆ ತಳದಲ್ಲಿ ಮಂಜು ಕಟ್ಟಿದ್ದು ಯಾರಿಗೂ ತಿಳಿಯುವುದಿಲ್ಲ. ಅದು ಬುಟ್ಟಿಯೊಳಗೆ, ಚಳಿಗೆ ಕೆಡುವ ಸೀಸೆಗಳ ನಡುವೆಯೇ ಇರಬೇಕು.

ಒಂದು ವಿಷಯದಲ್ಲಿ ಮಾತ್ರ ಹೈದರಾಬಾದಿನ ನಮ್ಮ ಪದ್ಧತಿಗಿಂತ ಕಲಬುರಗಿಯ ಸಿಸ್ಟರುಗಳ ಪದ್ಧತಿಯೇ ನನಗೆ ಮೆಚ್ಚುಗೆ. ಹಳ್ಳಿಗೆ ಒಯ್ಯುವ ವ್ಯಾಕ್ಸಿನ್ ಕ್ಯಾರಿಯರಿನಲ್ಲಿ ನಾಲ್ಕು ಐಸ್‌ಪ್ಯಾಕ್ ಇರುತ್ತವೆ. ಡೀಪ್ ಫ್ರೀಜರಿನಿಂದ ತೆಗೆದದ್ದನ್ನು ಹಾಗೇ ತುರುಕಿದರೆ ಪಕ್ಕದ ಸೀಸೆ ಹೆಪ್ಪುಗಟ್ಟುತ್ತದೆ. ಮೇಜಿನ ಮೇಲೆ ಬಿಡಿಬಿಡಿಯಾಗಿ ಹರವಿ, ಪ್ಯಾಕಿನ ಮೈ ಬೆವರುವವರೆಗೆ ಕಾಯಬೇಕು. ನಮ್ಮ ಗೋದಾಮಿನಲ್ಲಿ ಇದಕ್ಕೆ ಗಡಿಯಾರ ನೋಡುತ್ತೇವೆ, ಇಷ್ಟು ನಿಮಿಷ ಅಂತ ಗೋಡೆಗೆ ಚೀಟಿ ಅಂಟಿಸಿದ್ದೇವೆ. ಊರಿಗೆ ಹೋದಾಗ ಒಬ್ಬ ಸಿಸ್ಟರನ್ನು ‘ಎಷ್ಟು ಹೊತ್ತು ಬಿಡ್ತೀರಿ ಅಕ್ಕಾರ?’ ಅಂದೆ. ‘ಹೊತ್ತಿನ ಲೆಕ್ಕ ಇಲ್ರಿ. ಬ್ಯಾಸಗಿ ಇದ್ರ ಲಗೂ ಆಗ್ತದ, ಥಂಡಿ ಇದ್ರ ತಡ ಆಗ್ತದ. ಕಿವಿ ಹತ್ರ ಹಿಡಿದು ಅಲ್ಲಾಡಸ್ತೀನ್ರಿ, ಒಳಗ ನೀರಿನ ಸಪ್ಪಳ ಬರಬೇಕು’ ಎಂದರು. ಅವರು ಹೇಳಿದ್ದೇ ಸರಿ. ಒಳಗೆ ನೀರು ಅಲುಗಿತೆಂದರೆ ಮಂಜು ಕರಗಲು ಶುರುವಾಗಿ ಸೊನ್ನೆ ಡಿಗ್ರಿಗೆ ಬಂದಿದೆ ಎಂದರ್ಥ, ಕೋಣೆಯ ಬಿಸಿ ಎಷ್ಟೇ ಇರಲಿ. ಗಡಿಯಾರಕ್ಕೆ ಈ ಖಾತ್ರಿ ಇಲ್ಲ.

ಅವರಿಗೆ ಗೊತ್ತಿರುವ ಇನ್ನೊಂದು ವಿದ್ಯೆ ಶೇಕ್ ಟೆಸ್ಟ್. ಸಂಶಯವಿದ್ದ ಸೀಸೆಯ ಅದೇ ಕಂಪನಿಯ, ಅದೇ ಬ್ಯಾಚಿನ ಇನ್ನೊಂದನ್ನು ಬೇಕೆಂತಲೇ ಗಟ್ಟಿ ಹೆಪ್ಪುಗಟ್ಟಿಸಿ ಕರಗಿಸುತ್ತಾರೆ. ಎರಡನ್ನೂ ಕೂಡಿಸಿ ಕುಲುಕಿ, ಬೆಳಕಿಗೆ ಎದುರಾಗಿ ನಿಲ್ಲಿಸುತ್ತಾರೆ. ಸಂಶಯದ ಸೀಸೆಯಲ್ಲಿ ಗಸಿ ನಿಧಾನ ಇಳಿದರೆ ಬಳಸಬಹುದು. ಹೆಪ್ಪುಗಟ್ಟಿಸಿದ್ದರಷ್ಟೇ ಬೇಗ ಇಳಿದರೆ ಆ ಸೀಸೆ ಮಗುವಿನ ತೊಡೆಗೆ ಹೋಗಬಾರದು.

ನನಗೆ ನೋವಾಗುವುದು ನಮ್ಮ ಭಾಗದ ಕಾಯಿಪಲ್ಯೆ, ಹಣ್ಣಿನ ಕೋಲ್ಡ್ ಸ್ಟೋರೇಜ್ ನೋಡಿದಾಗ. ಅಲ್ಲಿ ಸಿಸ್ಟರಿನ ಕಿವಿಯೂ ಇಲ್ಲ, ನಮ್ಮ ಲಾಗರೂ ಇಲ್ಲ. ಒಣಮೆಣಸಿನಕಾಯಿ ಇಟ್ಟ 5 ಡಿಗ್ರಿಯ ಚೇಂಬರಿನಲ್ಲಿ ಜಾಗ ಉಳಿದಿದೆ ಎಂದು ಬೀದರಿನ ಹಸಿ ಶುಂಠಿಯನ್ನೋ, ಕಾಯಿ ಟೊಮ್ಯಾಟೊವನ್ನೋ ಪೇರಿಸುತ್ತಾರೆ. ಇವೆರಡಕ್ಕೂ 12, 13 ಡಿಗ್ರಿ ಬೇಕು, ಬಾಳೆಗೂ ಅಷ್ಟೇ. ಅದಕ್ಕಿಂತ ತಂಪಿನಲ್ಲಿ ದಿನಗಟ್ಟಲೆ ಇಟ್ಟರೆ ಒಳಗಿನ ಜೀವಕೋಶಗಳ ಪೊರೆ ಹಾಳಾಗುತ್ತದೆ. ಚೇಂಬರಿನಲ್ಲಿ ಇರುವಷ್ಟು ದಿನ ಮಾಲು ಚೆಂದವೇ ಕಾಣುತ್ತದೆ. ಹೊರಗೆ ತಂದ ಮೇಲೆ ಟೊಮ್ಯಾಟೊ ಸರಿಯಾಗಿ ಕೆಂಪಾಗದೆ ಗುಳಿ ಬೀಳುತ್ತದೆ, ಶುಂಠಿ ಮೆತ್ತಗಾಗಿ ನೀರು ಬಿಡುತ್ತದೆ, ಬಾಳೆಯ ಸಿಪ್ಪೆ ಬೂದಿಗಪ್ಪಾಗುತ್ತದೆ. ಆಗ ಬಯ್ಗುಳ ತಿನ್ನುವುದು ಲಾರಿಯವನು, ಇಲ್ಲವೇ ಬಿಸಿಲು. ರೈತನಿಗೆ ಸಿಗುವುದು ಅರ್ಧ ದರ.

ಈ ಕೋಲ್ಡ್ ಸ್ಟೋರೇಜ್ ಮಾಲೀಕರ ಮುಂದೆ ಮ್ಯಾಪಿಂಗ್ ಮಾತೆತ್ತಿದರೆ ಒಂದೇ ಉತ್ತರ: ‘ಕರೆಂಟೇ ನೆಟ್ಟಗ ಇರಂಗಿಲ್ಲ, ಇದೆಲ್ಲ ತಗೊಂಡು ಏನ್ ಮಾಡೂದ್ರಿ?’ ನನಗೆ ಅನಿಸುವುದು ಇದಕ್ಕೆ ತಿರುಗಾ. ಕರೆಂಟ್ ಹೋಗುವ ಊರಿಗೇ ಇದು ಹೆಚ್ಚು ಬೇಕು. ಒಂದು ಲಾಗರಿಗೆ ಕೆಲವು ಸಾವಿರ ರೂಪಾಯಿ, ನಾಲ್ಕು ಮಂದಿ ಸೇರಿ ಒಂಬತ್ತು ಕೊಂಡು ಸರದಿಯಲ್ಲಿ ಬಳಸಬಹುದು. ಮೇ ತಿಂಗಳ ಒಂದು ಮಧ್ಯಾಹ್ನ, ಚೇಂಬರ್ ತುಂಬಿರುವಾಗ, ಬಾಗಿಲು ಮುಚ್ಚಿ ಮೇನ್ ಸ್ವಿಚ್ ಇಳಿಸಿ ನೋಡಲಿ. ಯಾವ ಮೂಲೆ ಮೊದಲು ಮಿತಿ ದಾಟಿತು, ಎಷ್ಟು ತಾಸಿಗೆ ದಾಟಿತು ಎಂಬುದು ಕಾಗದದ ಮೇಲೆ ಬರುತ್ತದೆ. ಮೂರು ತಾಸು ತಡೆಯುತ್ತದೆ ಎಂದು ಗೊತ್ತಾದರೆ ಎರಡೂವರೆ ತಾಸಿಗೆ ಜನರೇಟರ್ ಹಚ್ಚಿದರೆ ಸಾಕು, ಕರೆಂಟ್ ಹೋದ ಗಳಿಗೆಯಿಂದಲೇ ಡೀಸೆಲ್ ಸುಡಬೇಕಿಲ್ಲ.