ಅನುಭವದ ಜಾಗದಲ್ಲಿ ಬರೆಯಬೇಕಾದದ್ದು

“ಮಗಳು ಬಿ.ಕಾಂ. ಎರಡನೇ ವರ್ಷ, ಎಲ್ಲಿಯೂ ಕೆಲಸ ಮಾಡಿಲ್ಲ. ಅರೆಕಾಲಿಕ ಕೆಲಸದ ರೆಸ್ಯೂಮೆಯಲ್ಲಿ ಅನುಭವ ಅಂತ ಏನು ಬರೆಯಬೇಕು?”

ಆ ಶೀರ್ಷಿಕೆಯನ್ನೇ ಕೈಬಿಟ್ಟು, ವಿದ್ಯಾಭ್ಯಾಸದ ಕೆಳಗೆ ‘ಮಾಡಿ ಗೊತ್ತಿರುವ ಕೆಲಸಗಳು’ ಎಂದು ಬರೆಯಲಿ. ‘ಶ್ರಮಜೀವಿ, ಪ್ರಾಮಾಣಿಕಳು’ ಎಂಬ ಮಾತು ಎಲ್ಲರ ರೆಸ್ಯೂಮೆಯಲ್ಲೂ ಇರುವುದರಿಂದ ಹುಬ್ಬಳ್ಳಿಯ ದುರ್ಗದ ಬೈಲಿನ ಬಟ್ಟೆ ಅಂಗಡಿಯವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಆದರೆ ‘ಮಾವನ ಕಿರಾಣಿ ಅಂಗಡಿಯಲ್ಲಿ ರಜೆಯಿದ್ದಾಗ ಗಲ್ಲೆಯ ಮೇಲೆ ಕೂತು, ರಾತ್ರಿ ನಗದನ್ನೂ ಯುಪಿಐ ಜಮೆಯನ್ನೂ ತಾಳೆ ನೋಡಿ, ಉದ್ರಿ ಪುಸ್ತಕ ಬರೆದಿದ್ದೇನೆ’ ಎಂಬಂಥ ನಿಜವಾದ ಒಂದು ವಾಕ್ಯವಿದ್ದರೆ, ಸಂದರ್ಶನದಲ್ಲಿ ಅವರು ಕೇಳುವ ಮೊದಲ ಪ್ರಶ್ನೆಯೇ ಅದರ ಬಗ್ಗೆ ಇರುತ್ತದೆ. ಸಂಬಳವಿಲ್ಲದ ಕೆಲಸವೆಂದು ಅಲ್ಲೇ ಸ್ಪಷ್ಟಪಡಿಸಲಿ.

ಅರೆಕಾಲಿಕ ಕೆಲಸಕ್ಕೆ ಇದಕ್ಕಿಂತಲೂ ಮುಖ್ಯವಾದದ್ದು ಬಿಡುವಿನ ಸಮಯ: ‘ಸೋಮವಾರದಿಂದ ಶನಿವಾರ ಸಂಜೆ 5ರಿಂದ 8.30, ಭಾನುವಾರ ಪೂರ್ತಿ, ಸೆಮಿಸ್ಟರ್ ಪರೀಕ್ಷೆಯ ವಾರಗಳಲ್ಲಿ ಇಲ್ಲ’ ಎಂದು ಹೆಸರಿನ ಕೆಳಗೇ ಹಾಕಲಿ. ಆಧಾರ್ ಸಂಖ್ಯೆ ಮಾತ್ರ, ದಯವಿಟ್ಟು, ಬೇಡ.