ಪಿನ್‌ಕೋಡಿನಿಂದ ಕಡ ತಂದ ನಾಲ್ಕು

ನಮ್ಮ ಮಾವನ ಸಂಘ ಹುಟ್ಟಿದ್ದು 1975ರಲ್ಲಲ್ಲ, 1974ರಲ್ಲಿ ಎಂಬ ಸತ್ಯ ಹಳೆಯ ರಸೀದಿ ಪುಸ್ತಕವೊಂದರಿಂದ ಹೊರಬಿತ್ತು. ಲೋಗೋದಲ್ಲಿರುವ ಐದು ನಾಲ್ಕಾಗಬೇಕು. “ಒಂದೇ ಒಂದು ಅಂಕಿ ಕಣಪ್ಪಾ, ಎರಡು ನಿಮಿಷದ ಕೆಲಸ” ಎಂದು ಮಾವ ಪಿಡಿಎಫ್ ಕಳಿಸಿದರು. ಮೂಲ ಫೈಲು ಮಾಡಿಕೊಟ್ಟ ಡಿಟಿಪಿಯವರು ಅಂಗಡಿ ಮುಚ್ಚಿ ಯಾವ ಕಾಲವಾಯಿತೋ.

ಚಿತ್ರ ತಿದ್ದುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ತೆರೆದರೆ ‘ಕನ್ನಡ’ ಇರಬೇಕಾದ ಕಡೆ PÀ£ÀßqÀ ಎಂದಿತ್ತು. ಮಧ್ಯದಲ್ಲಿ ಪೌಂಡ್ ಚಿಹ್ನೆ ಬೇರೆ. ಖಜಾಂಚಿಗಳು ನೋಡಿದ್ದರೆ ವಿದೇಶಿ ದೇಣಿಗೆ ಎಂದುಕೊಳ್ಳುತ್ತಿದ್ದರು. ಅದು ನುಡಿಯ ಹಳೇ ಫಾಂಟಿನ ಬರಹ. ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳು, ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಪಿಡಿಎಫ್ ತನ್ನ ಫಾಂಟನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿರುತ್ತದೆ, ನಿಜ. ಆದರೆ ಬರಹವನ್ನು ಬರಹವಾಗಿಯೇ ತೆರೆದಾಗ ಇಂಕ್‌ಸ್ಕೇಪ್ ಹುಡುಕುವುದು ನಮ್ಮ ಕಂಪ್ಯೂಟರಿನಲ್ಲಿರುವ ಫಾಂಟನ್ನು. ನನ್ನಲ್ಲಿ ಅದು ಇರಲಿಲ್ಲ, ವೇಷ ಕಳಚಿತು.

ಮುಚ್ಚಿ ಮತ್ತೆ ತೆರೆದೆ. ಈ ಸಲ ಮೊದಲು ಬರುವ ಕಿಟಕಿಯಲ್ಲಿ Poppler/Cairo import ಆರಿಸಿದೆ. ಹೀಗೆ ಮಾಡಿದರೆ ಅಕ್ಷರಗಳೆಲ್ಲ ಬರೀ ಆಕಾರಗಳಾಗಿ ಬರುತ್ತವೆ. ಕನ್ನಡ ಕನ್ನಡವಾಗಿಯೇ ಕಂಡಿತು. ಆದರೆ ಐದನ್ನು ಅಳಿಸಿ ನಾಲ್ಕು ಟೈಪ್ ಮಾಡೋಣವೆಂದರೆ ಅಲ್ಲಿ ಬರಹವೇ ಇಲ್ಲ, ಐದರ ಚಿತ್ರವಿದೆ.

ಲೋಗೋದ ಕೆಳಗೆ ವಿಳಾಸವಿತ್ತು, ಕೊನೆಗೆ 560004. ಅದೇ ಫಾಂಟಿನ, ಸ್ವಲ್ಪ ಚಿಕ್ಕ ನಾಲ್ಕು! ಆಕಾರಗಳ ಗುಂಪು ಬಿಡಿಸಲು ಹೋಗಲಿಲ್ಲ. ಪಿಡಿಎಫ್‌ನಲ್ಲಿ ಗುಂಪಿನೊಳಗೆ ಗುಂಪು ಇರುತ್ತದೆ, ನಮ್ಮ ಸಂಘದ ಹಾಗೆಯೇ. Ctrl ಒತ್ತಿ ಕ್ಲಿಕ್ಕಿಸಿದರೆ ಒಳಗಿನ ಒಂದೇ ಆಕಾರ ಕೈಗೆ ಸಿಗುತ್ತದೆ. Ctrl+D ಒತ್ತಿ ಇನ್ನೊಂದು ಪ್ರತಿ ಮಾಡಿಕೊಂಡೆ, Ctrl ಹಿಡಿದೇ ಮೂಲೆಯಿಂದ ಎಳೆದು ದೊಡ್ಡದು ಮಾಡಿದೆ, ಐದನ್ನು ಅಳಿಸಿ ಆ ಜಾಗದಲ್ಲಿಟ್ಟೆ. ಬುಡ ಹೊಂದಿಸುವಾಗ ಪಕ್ಕದ ಏಳನ್ನು ನೋಡಬೇಕು, ಒಂಬತ್ತನ್ನಲ್ಲ. ಒಂಬತ್ತರ ದುಂಡು ಬುಡ ಸಾಲಿಗಿಂತ ಕೂದಲೆಳೆಯಷ್ಟು ಕೆಳಗಿಳಿದಿರುತ್ತದೆ. ಅದಕ್ಕೆ ಸರಿಹೊಂದಿಸಿದರೆ ನಾಲ್ಕು ಜಾರಿಬಿದ್ದಂತೆ ಕಾಣುತ್ತದೆ.

ಪಿಡಿಎಫ್ ಆಗಿ ಉಳಿಸಿ, ಅದರಲ್ಲಿ ಯಾವ ಫಾಂಟುಗಳಿವೆ ಎಂದು ಟರ್ಮಿನಲ್‌ನಲ್ಲಿ ಪರೀಕ್ಷಿಸಿದೆ:

```
pdffonts logo.pdf
```

ತಲೆಸಾಲು ಬಿಟ್ಟರೆ ಏನೂ ಬರಲಿಲ್ಲ. ಅಂದರೆ ಫೈಲಿನಲ್ಲಿ ಒಂದೂ ಫಾಂಟಿಲ್ಲ, ಇನ್ನು ಯಾರ ಕಂಪ್ಯೂಟರಿನಲ್ಲೂ PÀ£ÀßqÀ ಕಾಟವಿಲ್ಲ.

ಪ್ರೆಸ್ಸಿನವರು ಮಾತ್ರ ಫೋನು ಮಾಡಿದರು. “ಸಾರ್, ಕುಂಕುಮದ ಬಣ್ಣ ಆರ್‌ಜಿಬಿಯಲ್ಲಿದೆ.” ನಿಜವೇ. ಹಳೇ ಫೈಲಿನಲ್ಲಿ ಮುದ್ರಣದ ಶಾಯಿಗಳ ಲೆಕ್ಕವಾದ ಸಿಎಂವೈಕೆ ಇತ್ತು, ಇಂಕ್‌ಸ್ಕೇಪ್ ಪಿಡಿಎಫ್ ಬರೆಯುವಾಗ ಅದನ್ನು ಪರದೆಯ ಲೆಕ್ಕವಾದ ಆರ್‌ಜಿಬಿ ಮಾಡಿಬಿಡುತ್ತದೆ. ನೀವೇ ನಿಮ್ಮ ಕೆಂಪು ತುಂಬಿಕೊಳ್ಳಿ ಎಂದೆ. ಒಪ್ಪಿದರು. ಆಮೇಲೆ ಮೆಲ್ಲಗೆ, “ಕೋರಲ್ ಫೈಲ್ ಇಲ್ವಾ ಸಾರ್?”